ಆರು ಗಂಟೆಯ ನಂತರದ ಲೆಕ್ಕ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ಗೇಟಿನ ಪಕ್ಕದಲ್ಲೇ ಟೈಮ್ ಆಫೀಸು. ಶಾಪ್ ಫ್ಲೋರಿನವರು ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಕಾರ್ಡ್ ಪಂಚ್ ಮಾಡುತ್ತಿದ್ದರು. ಶಿಫ್ಟ್ ಮುಗಿದ ಮೇಲೂ ಯಾರನ್ನಾದರೂ ನಿಲ್ಲಿಸಿಕೊಳ್ಳಬೇಕಾದರೆ ಸೂಪರ್‌ವೈಸರ್ ಓಟಿ ಚೀಟಿಗೆ ಸಹಿ ಹಾಕಬೇಕಿತ್ತು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತಿತ್ತು. ಹಾಗಾಗಿ ತಿಂಗಳ ಕೊನೆಗೆ ಓಟಿ ಮೊತ್ತ ಜಾಸ್ತಿಯಾದರೆ ವರ್ಕ್ಸ್ ಮ್ಯಾನೇಜರ್ ತಾವಾಗಿಯೇ ವಿಚಾರಿಸುತ್ತಿದ್ದರು: ಯಾವ ಮೆಷಿನ್ನು, ಯಾವ ಆರ್ಡರು, ಯಾಕೆ ಇಷ್ಟು? ಆ ಪ್ರಶ್ನೆ ಹುಟ್ಟುತ್ತಿದ್ದುದು ದಯೆಯಿಂದಲ್ಲ, ದುಡ್ಡು ಹೋಗುತ್ತಿತ್ತು ಎಂಬುದರಿಂದ.

ನಾವು ಆಫೀಸಿನವರು, ತಿಂಗಳ ಸಂಬಳದ ‘ಸ್ಟಾಫ್’. ನಮಗಿದ್ದದ್ದು ಹಾಜರಿ ಪುಸ್ತಕ. ಬೆಳಿಗ್ಗೆ ಸಹಿ ಹಾಕಿದರೆ ಮುಗಿಯಿತು. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಬೀಳುತ್ತಿತ್ತು, ಮೂರು ಗುರುತಿಗೆ ಅರ್ಧ ದಿನದ ರಜೆ ಕಡಿತ. ಮನೆಗೆ ಹೊರಟ ಹೊತ್ತನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ತಡವಾಗಿ ಬಂದದ್ದು ದಾಖಲಾಗುತ್ತಿತ್ತು, ತಡವಾಗಿ ಹೋದದ್ದು ಆಗುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಸ್ಟಾಕ್ ಎಣಿಕೆ, ಟ್ರಯಲ್ ಬ್ಯಾಲೆನ್ಸು, ಆಡಿಟರಿಗೆ ಕೊಡಬೇಕಾದ ಪಟ್ಟಿಗಳು ಎಂದು ರಾತ್ರಿ ಹತ್ತರವರೆಗೆ ಕೂರುತ್ತಿದ್ದೆವು. ಹೋಟೆಲಿನಿಂದ ಊಟದ ಪಾರ್ಸೆಲ್ ಬರುತ್ತಿತ್ತು. ‘ಏಪ್ರಿಲ್‌ನಲ್ಲಿ ಎರಡು ದಿನ ರಜೆ ತಗೊಳ್ರಿ’ ಎಂಬ ಬಾಯಿಮಾತೂ ಸಿಗುತ್ತಿತ್ತು. ಏಪ್ರಿಲ್ ಬರುವ ಹೊತ್ತಿಗೆ ಆ ಮಾತು ಹೇಳಿದವರಿಗೂ ಕೇಳಿದವರಿಗೂ ಬೇರೆ ಬೇರೆ ರೀತಿ ನೆನಪಿರುತ್ತಿತ್ತು. ‘ನಿಮ್ಮ ವಿಭಾಗದಲ್ಲಿ ಕೆಲಸ ಹೆಚ್ಚಿದೆ ಎನ್ನುವುದಕ್ಕೆ ಆಧಾರ ಏನು?’ ಎಂದು ಮ್ಯಾನೇಜರ್ ಕೇಳಿದರೆ ತೋರಿಸಲು ಒಂದು ಹಾಳೆಯೂ ಇರುತ್ತಿರಲಿಲ್ಲ. ಅವರು ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ ಎಂದೇ ನಾನು ಈಗಲೂ ನಂಬಿದ್ದೇನೆ. ಆಧಾರ ನಿಜಕ್ಕೂ ಇರಲಿಲ್ಲ.

ಆಗ ಹೊರೆ ವರ್ಷಕ್ಕೊಮ್ಮೆ ಬರುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಪ್ರತಿ ತಿಂಗಳೂ ಒಂದು ಪುಟ್ಟ ಮಾರ್ಚ್ ಆಯಿತು. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ GSTR-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ GSTR-3B. ಗೋಡೆಗೆ ಈಗ ಬಯೋಮೆಟ್ರಿಕ್ ಯಂತ್ರ ಬಂದಿದೆ, ಹೋದ ಹೊತ್ತೂ ಅದರಲ್ಲಿ ಬೀಳುತ್ತದೆ. ಆದರೆ ಅದು ಹೇಳುವುದು ಮನುಷ್ಯ ಕಟ್ಟಡದೊಳಗೆ ಇದ್ದ ಎಂಬುದನ್ನಷ್ಟೇ. ಗೊರಗುಂಟೆಪಾಳ್ಯದ ಟ್ರಾಫಿಕ್ ಇಳಿಯಲಿ ಎಂದು ಏಳೂವರೆವರೆಗೆ ಕೂತವನೂ, ಏಳೂವರೆವರೆಗೆ ಬಿಲ್ ನೋಡಿದವನೂ ಅದರ ಕಣ್ಣಿಗೆ ಒಂದೇ. ಮನೆಗೆ ಹೋದ ಮೇಲೆ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಬಂದ ಪ್ರಶ್ನೆಗೆ ಲ್ಯಾಪ್‌ಟಾಪ್ ತೆರೆದು ಉತ್ತರಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಖರೀದಿ ಬಿಲ್ಲುಗಳ ವಿಭಾಗ ನನ್ನ ಕೈಗೆ ಬಂದ ಮೇಲೆ ನಮ್ಮದೇ ಒಂದು ಹಾಳೆ ಮಾಡಿಕೊಂಡೆವು.

ಹಾಳೆಯಲ್ಲಿ ಐದೇ ಕಾಲಂ: ಶುರುವಾದ ಹೊತ್ತು, ಮುಗಿದ ಹೊತ್ತು, ಕೆಲಸ, ಎಷ್ಟು ಬಿಲ್ಲು, ಯಾಕೆ ತಡವಾಯಿತು. ಕೆಲಸದ ಕಾಲಂಗೆ ಐದಾರು ಹೆಸರು ಸಾಕು: ಬಿಲ್ ನಮೂದು, ಪೇಮೆಂಟ್, ಜಿಎಸ್‌ಟಿ ತಾಳೆ, ತಿಂಗಳ ವರದಿ, ಫೋನ್ ಕರೆಗಳು. ಇಪ್ಪತ್ತು ಹೆಸರು ಕೊಟ್ಟರೆ ಯಾವುದಕ್ಕೆ ಬರೆಯಬೇಕು ಎಂದು ಯೋಚಿಸುವುದರಲ್ಲೇ ಬೇಸರ ಬಂದು ಮೂರನೇ ದಿನಕ್ಕೆ ಬರೆಯುವುದನ್ನೇ ಬಿಡುತ್ತಾರೆ. ಕಾಲು ಗಂಟೆ ಅಳತೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗಲೇ ಬರೆಯಬೇಕು. ಶನಿವಾರ ಸಂಜೆ ಕೂತು ಇಡೀ ವಾರದ್ದನ್ನು ನೆನಪಿನಿಂದ ತುಂಬಿಸಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರಲ್ಲಿ ಎಲ್ಲ ಹೊತ್ತೂ ಆರು, ಆರೂವರೆ, ಏಳು ಎಂದು ದುಂಡಗಿರುತ್ತದೆ, ಎರಡು ದಿನಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ. ಟ್ರಾಫಿಕ್‌ಗಾಗಿ ಕೂತ ಹೊತ್ತು, ಸಂಜೆಯ ಕಾಫಿ, ಹರಟೆ ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೊದಲೇ ಮಾತಾಡಿಕೊಂಡೆವು. ಅಂಥ ಒಂದು ಗಂಟೆ ಸಿಕ್ಕಿಬಿದ್ದರೂ ಮಿಕ್ಕ ಲೆಕ್ಕವನ್ನೆಲ್ಲ ಮ್ಯಾನೇಜರ್ ಅನುಮಾನದಿಂದಲೇ ನೋಡುತ್ತಾರೆ.

ಜಾಸ್ತಿ ಬರೆದುಕೊಳ್ಳುತ್ತಾರೆ ಎಂದು ಎಲ್ಲರೂ ಹೆದರುತ್ತಾರೆ. ನಾನು ಕಂಡದ್ದು ಉಲ್ಟಾ. ಹೊಸಬರು ಕಮ್ಮಿ ಬರೆಯುತ್ತಾರೆ, ತಾವು ನಿಧಾನ ಎಂದು ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ. ಬಿಲ್ ನಮೂದು ಮಾಡುತ್ತಿದ್ದ ಹುಡುಗಿ ಒಂದು ವಾರ ಪೂರ್ತಿ ‘ಮುಗಿದದ್ದು 6.00’ ಎಂದು ಬರೆದಿದ್ದಳು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಲೇಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಜಾಡಿನಲ್ಲಿ ಅವಳ ಕೊನೆಯ ವೋಚರುಗಳು ರಾತ್ರಿ ಎಂಟರ ಆಸುಪಾಸಿನವು. ಅವಳನ್ನು ಪಕ್ಕಕ್ಕೆ ಕರೆದು, ಇದು ನಿನ್ನ ಪರೀಕ್ಷೆ ಅಲ್ಲಮ್ಮ, ಕೆಲಸದ ಪರೀಕ್ಷೆ ಎಂದೆ. ‘ಹಂಗಂತ ಹೇಳ್ತಾರೆ ಸಾರ್, ಆಮೇಲೆ ಅಪ್ರೈಸಲ್‌ನಲ್ಲಿ ತೆಗೀತಾರೆ’ ಎಂದಳು. ಅವಳ ಅನುಮಾನಕ್ಕೆ ಕಾರಣವಿತ್ತು. ಹಾಳೆ ಮೇಲಕ್ಕೆ ಹೋಗುವಾಗ ಅದರಲ್ಲಿ ಹೆಸರಿರುವುದಿಲ್ಲ, ಕೆಲಸದ ಹೆಸರು ಮಾತ್ರ ಎಂದು ಮ್ಯಾನೇಜರ್ ಬಳಿ ಇಮೇಲ್‌ನಲ್ಲಿ ಒಪ್ಪಿಗೆ ತಗೊಂಡು ಅದನ್ನು ಅವಳಿಗೆ ತೋರಿಸಿದೆ. ಮರುದಿನದಿಂದ ನಿಜವಾದ ಹೊತ್ತು ಬರತೊಡಗಿತು.

ಆ ಒಂದು ತಿಂಗಳಿನ ಲೆಕ್ಕ ಹೀಗಿತ್ತು. ಆಫರ್ ಲೆಟರ್ ಪ್ರಕಾರ ಊಟದ ಬಿಡುವು ಕಳೆದು ದಿನಕ್ಕೆ 8 ಗಂಟೆ, 26 ದಿನಕ್ಕೆ 208 ಗಂಟೆ. ಅವಳು ದುಡಿದದ್ದು 238. ಹೆಚ್ಚಿನದು 30. ಈ ಒಂದೇ ಅಂಕಿಯನ್ನು ಮ್ಯಾನೇಜರ್ ಮುಂದಿಟ್ಟಿದ್ದರೆ ಅವರು ತಕ್ಷಣ ಭಾಗಿಸುತ್ತಿದ್ದರು: ದಿನಕ್ಕೆ ಒಂದು ಗಂಟೆ ಚಿಲ್ಲರೆ, ಅಷ್ಟನ್ನು ಎಲ್ಲರೂ ಕೂರುತ್ತಾರೆ. ಸರಾಸರಿ ಮಾಡಿದ ಕೂಡಲೇ ಹೊರೆ ಮಾಯವಾಗುತ್ತದೆ. ತಾರೀಖಿನ ಪ್ರಕಾರ ಬಿಡಿಸಿದರೆ ಬೇರೆಯೇ ಚಿತ್ರ. ಮೊದಲ ವಾರದಲ್ಲಿ 9 ಗಂಟೆ, ತಿಂಗಳಲ್ಲಿ ಅಲ್ಲಲ್ಲಿ ಚದುರಿದ್ದು 7, ಉಳಿದ 14 ಗಂಟೆಯೂ 14ನೇ ತಾರೀಖು ಕಳೆದು 20ರೊಳಗಿನ ಐದು ಕೆಲಸದ ದಿನಗಳಲ್ಲಿ. ಅಂದರೆ ಆ ದಿನಗಳಲ್ಲಿ ಅವಳು ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಸುಮಾರು ಒಂಬತ್ತಕ್ಕೆ ಹೊರಡುತ್ತಿದ್ದಳು.

ಆ ಐದು ದಿನಗಳಿಗೆ ಕಾರಣವಿದೆ. ನಾವು ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ ಪಡೆಯಬೇಕಾದರೆ ಆ ಬಿಲ್ಲು GSTR-2B ಪಟ್ಟಿಯಲ್ಲಿ ಕಾಣಿಸಬೇಕು. ಆ ಪಟ್ಟಿ ಪೋರ್ಟಲ್‌ನಲ್ಲಿ ಬರುವುದೇ 14ಕ್ಕೆ, 3B ಸಲ್ಲಿಸಬೇಕಾದದ್ದು 20ಕ್ಕೆ, ನಡುವೆ ಒಂದು ಭಾನುವಾರ. ದಿನದ ಮಾಮೂಲಿ ಬಿಲ್ಲು, ಪೇಮೆಂಟುಗಳಿಗೇ ಅವಳ ಆರು ಗಂಟೆ ಹೋಗುತ್ತಿತ್ತು, ಐದು ದಿನಕ್ಕೆ 30. ತಾಳೆಯ ಕೆಲಸಕ್ಕೆ 24. ಎರಡೂ ಸೇರಿ 54. ಇರುವುದು 40 ಗಂಟೆ. ಯಾರನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ಹದಿನಾಲ್ಕು ಗಂಟೆ ಹೊರಗೆ ಉಳಿಯುತ್ತದೆ.

ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಹುಡುಗಿ ನಿಧಾನವಾ, ಕೆಲಸ ಜಾಸ್ತಿನಾ?’ ಎಷ್ಟು ಬಿಲ್ಲು ಎಂಬ ಕಾಲಂ ಇರುವುದೇ ಇದಕ್ಕೆ. ಪರ್ಚೇಸ್ ಆರ್ಡರು, ಸ್ಟೋರಿನ ಮಾಲು ಸ್ವೀಕೃತಿ ಚೀಟಿ ಎರಡೂ ಜೊತೆಗಿದ್ದ ಬಿಲ್ಲನ್ನು ಅವಳು ಗಂಟೆಗೆ ಇಪ್ಪತ್ತರಂತೆ ಮುಗಿಸುತ್ತಿದ್ದಳು. ಸ್ವೀಕೃತಿ ಚೀಟಿ ಇಲ್ಲದ ಬಿಲ್ಲಾದರೆ ಎಂಟು. ಅದೇ ಕೈ, ಅದೇ ಕಂಪ್ಯೂಟರ್. ‘ಯಾಕೆ ತಡವಾಯಿತು’ ಕಾಲಂ ಉಳಿದದ್ದನ್ನು ಹೇಳಿತು. ತಾಳೆಯ 24 ಗಂಟೆಯಲ್ಲಿ ನಿಜವಾಗಿ ತಾಳೆ ನೋಡಲು ಹೋದದ್ದು 7. ಸ್ಟೋರಿನವರು ಚೀಟಿಗಳನ್ನು ವಾರಕ್ಕೊಮ್ಮೆ ಕಟ್ಟಾಗಿ ಕಳಿಸುತ್ತಿದ್ದುದರಿಂದ ಅವನ್ನು ಹುಡುಕಿಸಲು 8. 11ರೊಳಗೆ ತಮ್ಮ GSTR-1 ಹಾಕದ ಸಪ್ಲೈಯರುಗಳಿಗೆ ಫೋನ್ ಮಾಡಿ ಬೆನ್ನು ಹತ್ತಲು 9.

ಇಷ್ಟನ್ನು ಒಂದೇ ಪುಟದಲ್ಲಿ ಬರೆದೆ. ಜೊತೆಗೆ ಸಂಜೆ ಆರಕ್ಕೆ ನಮೂದಾಗದೆ ಉಳಿದ ಬಿಲ್ಲುಗಳ ಸಂಖ್ಯೆಯನ್ನೂ ದಿನವಾರು ಕೊಟ್ಟೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾರೂ ತಡವಾಗಿ ಕೂರದಿದ್ದರೆ ಏನು ನಿಂತುಹೋಗುತ್ತಿತ್ತು ಎಂಬುದನ್ನು ಆ ಸಂಖ್ಯೆಯೊಂದೇ ತೋರಿಸುತ್ತದೆ. ಉಚಿತ ದುಡಿಮೆ ಕೊರತೆಯನ್ನು ಮುಚ್ಚಿಟ್ಟಷ್ಟು ಕಾಲವೂ ಮ್ಯಾನೇಜರ್ ಪಾಲಿಗೆ ಎಲ್ಲ ಸರಿಯಾಗಿಯೇ ನಡೆದಿರುತ್ತದೆ.

ಅವರು ಪುಟ ಓದಿ ಸ್ಟೋರಿನ ಮುಖ್ಯಸ್ಥರನ್ನು ಕರೆಸಿದರು. ಮಾಲು ಇಳಿದ ಎರಡು ದಿನದೊಳಗೆ ಚೀಟಿ ಕಳಿಸಬೇಕು ಎಂದು ಆಯಿತು. ಮುಂದಿನ ತಿಂಗಳಲ್ಲಿ ಆ 8 ಗಂಟೆ 2ಕ್ಕೆ ಇಳಿಯಿತು. ಸಪ್ಲೈಯರುಗಳ ವಿಷಯಕ್ಕೆ ನಾವೇ ದಾರಿ ಹುಡುಕಿದೆವು. GSTR-2A ಪಟ್ಟಿ, ಅವರು ಸಲ್ಲಿಸಿದ ಹಾಗೆಲ್ಲ ಬದಲಾಗುತ್ತಾ ಹೋಗುತ್ತದೆ. 12ಕ್ಕೇ ಅದನ್ನು ನೋಡಿದರೆ ಯಾರು ಹಾಕಿಲ್ಲ ಎಂದು ಗೊತ್ತಾಗುತ್ತದೆ, ಫೋನುಗಳನ್ನು ಅಂದೇ ಶುರು ಮಾಡಬಹುದು. ಒಟ್ಟು ಕೆಲಸ ಅಷ್ಟೇ ಇದ್ದರೂ ಅದರ ಒಂದು ಪಾಲು ಒತ್ತಡವಿಲ್ಲದ ದಿನಗಳಿಗೆ ಹೋಯಿತು.

ಮೊದಲ ವಾರದ 9 ಗಂಟೆ ಮಾತ್ರ ಹಾಗೇ ಉಳಿಯಿತು. ತಿಂಗಳ ವರದಿ 5ಕ್ಕೆ ಬೇಕೇ ಬೇಕು, 8ಕ್ಕೆ ಸರಿಸಲು ಆಗುವುದಿಲ್ಲ ಎಂದರು ಮ್ಯಾನೇಜರ್. ಹೆಚ್ಚುವರಿ ಸಂಬಳದ ಮಾತಿಗೂ ಒಪ್ಪಲಿಲ್ಲ. ಬದಲಿಗೆ 21ರ ನಂತರದ ಬಿಡುವಿನ ವಾರದಲ್ಲಿ ಒಂದು ದಿನದ ಪರಿಹಾರ ರಜೆ, ರಜೆಯ ತಂತ್ರಾಂಶದಲ್ಲೇ ನಮೂದಾಗುವಂತೆ. ಒಂಬತ್ತು ಗಂಟೆಗೆ ಎಂಟು ಗಂಟೆ. ಏಪ್ರಿಲ್‌ನ ಬಾಯಿಮಾತನ್ನು ಕಂಡಿದ್ದ ನನಗೆ ಅದು ಬರಹದಲ್ಲಿ ಸಿಕ್ಕಿದ್ದೇ ಮುಖ್ಯ ಎನಿಸಿತು. ಅವಳಿಗೆ ಹಾಗೆನಿಸಲಿಲ್ಲ. ದುಡ್ಡು ಕೊಡಬೇಕಿತ್ತು ಎಂದು ನೇರವಾಗಿಯೇ ಹೇಳಿದಳು, ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಹೊರೆ ಗೊತ್ತಿದ್ದೂ ಹಾಗೇ ಇರಲಿ ಎನ್ನುವ ಮ್ಯಾನೇಜರ್ ಎದುರು ಈ ಹಾಳೆ ಏನನ್ನೂ ಮಾಡಲಾರದು. ಗೊತ್ತಿಲ್ಲದವರ ಎದುರು ಮಾತ್ರ ಅದಕ್ಕೆ ಬೆಲೆ. ವರ್ಷವಿಡೀ ಬರೆಯಿಸಿದರೆ ಬರೆಯುವುದೇ ಇನ್ನೊಂದು ಕೆಲಸವಾಗುತ್ತದೆಂದು ನಾವು ಹಾಗೆ ಮಾಡಲಿಲ್ಲ. ಹೊಸ ಕೆಲಸವೊಂದು ಸೇರಿದಾಗ ತಾರೀಖುಗಳ ಒಂದು ಪೂರ್ತಿ ಸುತ್ತು, ಅಂದರೆ ಒಂದು ತಿಂಗಳು. 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೆಲ್ಲ ಇ-ಇನ್ವಾಯ್ಸ್ ಕಡ್ಡಾಯವಾದಾಗ ನಮ್ಮ ಸಣ್ಣ ಸಪ್ಲೈಯರುಗಳಲ್ಲಿ ಹಲವರು ಅದರೊಳಗೆ ಬಂದರು, ಅವರ ಬಿಲ್ಲಿನಲ್ಲಿ ಐಆರ್‌ಎನ್ ಸಂಖ್ಯೆ ಇದೆಯೇ ಎಂದು ನೋಡುವುದು ನಮ್ಮ ಮೇಜಿಗೆ ಸೇರಿತು. ಆ ತಿಂಗಳು ಹಾಳೆ ಮತ್ತೆ ಹೊರಗೆ ಬಂತು. ಈ ಸಲ ಅದನ್ನು ಕೇಳಿದವರು ಮ್ಯಾನೇಜರೇ.