ಉಂಡ ಮೇಲಿನ ಗಡಿಯಾರ

ಗುಡಗೇರಿಯ ಸುತ್ತಣ ಎರೆಭೂಮಿಯು ಮುಂಗಾರಿನಲ್ಲಿ ಹೆಸರನ್ನೂ ಹಿಂಗಾರಿನಲ್ಲಿ ಕಡಲೆ-ಜೋಳಗಳನ್ನೂ ಕೊಡುವದರಿಂದ, ಇಲ್ಲಿಯ ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗೆ ಯಾವುದಾದರೊಂದು ಕಾಳಿನ ಪಲ್ಯವೂ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿಯೂ ಇರದ ದಿನ ವಿರಳ. ಉಂಡ ಬಳಿಕ ಹೊಟ್ಟೆ ಬಿಗಿದರೂ, ಪಕ್ಕೆಯಲ್ಲಿ ಚುಚ್ಚಿದರೂ, ಎದೆಯಲ್ಲಿ ಭಾರವೆನಿಸಿದರೂ ಊರವರು ಹೇಳುವ ನಿದಾನ ಒಂದೇ: “ಗ್ಯಾಸ್ ಆಗೇತಿ.” ಅದಕ್ಕೆ ಔಷಧವೂ ಒಂದೇ, ಸೋಡಾ. ಈ ಏಕನಿಷ್ಠೆಯನ್ನು ನೋಡಿದಾಗಲೆಲ್ಲ, ಏನನ್ನು ಉಂಡಿರಿ ಎಂದು ಕೇಳುವ ಮೊದಲು, ಉಂಡು ಎಷ್ಟು ಹೊತ್ತಿಗೆ ಈ ಸಂಕಟ ಹುಟ್ಟಿತು ಎಂದು ಕೇಳಬೇಕೆಂದು ನನಗೆ ಅನಿಸುವದುಂಟು.

ನಮ್ಮ ದೊಡ್ಡಪ್ಪನ ಮಗನು ಗುಡಗೇರಿಯ ನಿಲ್ದಾಣದಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಕೆಲಸಕ್ಕೆ ಹೋಗಿಬರುವವನು. ಅವನ ಉದರಕ್ಕೆ ದಿನದಲ್ಲಿ ಎರಡು ಸಲ ಬಾಧೆ. ಮುಂಜಾನೆ ರೊಟ್ಟಿ ತಿಂದು ಎದ್ದ ಕೆಲ ನಿಮಿಷಗಳಲ್ಲಿಯೇ ಮೇಲುಹೊಟ್ಟೆ ಬಿಗಿದು ತೇಗುಗಳ ಸಾಲು; ರಾತ್ರಿಯ ಊಟ ಮುಗಿದು ಮೂರು-ನಾಲ್ಕು ತಾಸಿಗೆ, ನಿದ್ದೆ ಹತ್ತುವ ಸಮಯಕ್ಕೆ, ಕೆಳಹೊಟ್ಟೆಯಲ್ಲಿ ಗುಡುಗುಡು ಸದ್ದಾಗಿ ಎಡ ಪಕ್ಕೆಲುಬಿನ ಕೆಳಗೊಂದು ಚುಚ್ಚು, ಆಮೇಲೆ ಅಪಾನವಾಯು ಹೋದೊಡನೆ ಬಿಡುಗಡೆ. ಅವನು ಇವೆರಡನ್ನೂ ಒಂದೇ ರೋಗವೆಂದು ಎಣಿಸಿ, ಅಪವಾದವನ್ನು ಜೋಳದ ರೊಟ್ಟಿಯ ಮೇಲೆ ಹೊರಿಸಿ, ಚಪಾತಿಗೆ ತಿರುಗಿದ್ದನು. ಜೋಳವು ಬಹುಮಟ್ಟಿಗೆ ನಿರಪರಾಧಿ. ಕರುಳಿನಲ್ಲಿ ಹುಳಿತು ವಾಯುವಾಗುವ ಒಂದು ಬಗೆಯ ಸಕ್ಕರೆಯು ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿರುವಂತೆ ಗೋದಿಯಲ್ಲಿಯೂ ಇರುವದರಿಂದ, ಚಪಾತಿಯಿಂದ ಅವನಿಗೆ ಲಾಭವಾಗದೆ ಹೋದದ್ದು ಆಶ್ಚರ್ಯವಲ್ಲ.

ಮುಂಜಾನೆಯ ಬಾಧೆ ಅನ್ನದ್ದಲ್ಲ, ಅವಸರದ್ದು. ಪ್ರತಿ ತುತ್ತಿನೊಡನೆ ನಾವು ಸ್ವಲ್ಪ ಗಾಳಿಯನ್ನೂ ನುಂಗುತ್ತೇವೆ; ರೈಲಿನ ಭಯದಿಂದ ಐದೇ ನಿಮಿಷದಲ್ಲಿ ಮಾತಾಡುತ್ತ ತಿಂದು, ಅರೆಬರೆ ಅಗಿದ ರೊಟ್ಟಿಯನ್ನು ನೀರಿನಿಂದ ಗಂಟಲಿಗಿಳಿಸಿ, ಕೊನೆಗೆ ಬಿಸಿ ಚಹಾವನ್ನು ಸೊರ್‌ ಎಂದು ಹೀರುವವನು ನುಂಗುವ ಗಾಳಿ ಇನ್ನೂ ಹೆಚ್ಚು. ಅದು ಜಠರದ ಮೇಲ್ಭಾಗದಲ್ಲಿ ನಿಂತು ತೇಗಾಗಿ ಹೊರಬರುತ್ತದೆ. ಇಷ್ಟು ಬೇಗ ಬಂದ ತೇಗಿಗೆ ಕಾಳನ್ನು ದೂರುವಂತಿಲ್ಲ; ತಿಂದ ಕಾಳು ಇನ್ನೂ ಜಠರವನ್ನೇ ದಾಟಿರುವದಿಲ್ಲ. ಅವನ ಹೆಂಡತಿಯು ಅಡಿಗೆಯನ್ನು ತುಸು ಮೊದಲೇ ಮುಗಿಸಿ ಅವನನ್ನು ಕಾಲು ತಾಸಿಗಿಂತ ಮುಂಚೆ ತಾಟಿನಿಂದ ಏಳಗೊಡದಂತೆ ಮಾಡಿದ ಮೇಲೆ, ಬೇರಾವ ಪಥ್ಯವೂ ಇಲ್ಲದೆ ಮುಂಜಾನೆಯ ತೇಗುಗಳು ಇಳಿದುಹೋದವು. ರಾತ್ರಿಯ ಚುಚ್ಚು ಮಾತ್ರ ಕದಲಲಿಲ್ಲ.

ಅದರ ಮೂಲ ಕಾಳಿನಲ್ಲಿಯೇ ಇದ್ದಿತು. ಮಡಕಿ, ಕಡಲೆ, ಅಲಸಂದಿ ಮೊದಲಾದ ದ್ವಿದಳಗಳು ಮುಂದೆ ಮೊಳೆಯುವ ಕಾಲಕ್ಕೆಂದು ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ತಮ್ಮೊಳಗೆ ಕೂಡಿಟ್ಟುಕೊಂಡಿರುತ್ತವೆ. ಅವನ್ನು ಒಡೆಯುವ ಕಿಣ್ವವು ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಆದಕಾರಣ ಅವು ಪಚನವಾಗದೆ ಹಾಗೆಯೇ ದೊಡ್ಡ ಕರುಳನ್ನು ತಲುಪಿ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಹಬ್ಬದೂಟವಾಗಿ, ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಆಗಿ ಪರಿಣಮಿಸುತ್ತವೆ. ಈ ಪ್ರಯಾಣಕ್ಕೆ ಕೆಲವು ತಾಸುಗಳು ಬೇಕಾಗುವದರಿಂದಲೇ ಸಂಕಟವು ತಡವಾಗಿ ಬರುವದು. ದೊಡ್ಡ ಕರುಳು ಎಡ ಪಕ್ಕೆಯ ಕೆಳಗೆ ಮೇಲಿನಿಂದ ಕೆಳಕ್ಕೆ ತಿರುಗುವಲ್ಲಿ ವಾಯು ಸಿಕ್ಕಿಕೊಂಡರೆ ಅಲ್ಲಿಯೇ ಚುಚ್ಚುವದು. ಆರೋಗ್ಯವಂತನೂ ದಿನಕ್ಕೆ ಹತ್ತಿಪ್ಪತ್ತು ಸಲ ಅಪಾನವಾಯುವನ್ನು ಬಿಡುವದು ಸಹಜವೆಂದು ವೈದ್ಯರು ಹೇಳುತ್ತಾರೆ. ಹೊಟ್ಟೆಯುಬ್ಬರದಿಂದ ಬಳಲುವವರಲ್ಲಿ ಅನೇಕರಿಗೆ ವಾಯು ಹೆಚ್ಚಿರುವದಿಲ್ಲ, ಕರುಳೇ ಹೆಚ್ಚು ಸೂಕ್ಷ್ಮವಾಗಿರುತ್ತದೆ.

ಅವನು ಎರಡು ವಾರ ರಾತ್ರಿಯ ಕಾಳುಪಲ್ಯವನ್ನೂ ಹಸಿ ಉಳ್ಳಾಗಡ್ಡಿಯನ್ನೂ ಬಿಟ್ಟನು, ಚುಚ್ಚು ನಿಂತಿತು. ಬಳಿಕ ಉಳ್ಳಾಗಡ್ಡಿಯೊಂದನ್ನೇ ಮರಳಿ ತಂದನು; ತುಸು ಗುಡುಗಿತೇ ಹೊರತು ನಿದ್ದೆ ಕೆಡಲಿಲ್ಲ. ಅನಂತರ ಮಡಕಿ ಕಾಳು. ಆ ರಾತ್ರಿಯೇ ಹಳೆಯ ನೋವು. ಒಂದೊಂದಾಗಿ ತಂದುದರಿಂದ ಅಪರಾಧಿಯು ಸಿಕ್ಕನು. ಎಲ್ಲವನ್ನೂ ಕೂಡಿಯೇ ತಂದಿದ್ದರೆ ಅವನು ಮರಳಿ ರೊಟ್ಟಿಯನ್ನೇ ಶಪಿಸುತ್ತಿದ್ದನು. (ಹಾಲು ಕುಡಿದು ಹೊಟ್ಟೆಯುಬ್ಬುವವರೂ ಹೀಗೆಯೇ ಪರೀಕ್ಷಿಸಿ ನೋಡಬಹುದು, ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುವದು.)

ಆದರೆ ಕಾಳನ್ನು ಬಿಟ್ಟು ಈ ಸೀಮೆಯಲ್ಲಿ ಉಣ್ಣುವದೆಂತು? ಅವನ ತಾಯಿಯು ಕಾಳನ್ನು ಸಂಜೆಯೇ ನೆನೆಯಿಟ್ಟು, ಮರುದಿನ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸತೊಡಗಿದಳು. ಈ ಸಕ್ಕರೆಗಳು ನೀರಿನಲ್ಲಿ ಕರಗುವದರಿಂದ ಸ್ವಲ್ಪ ಭಾಗ ಅದರೊಡನೆ ಹೊರಟುಹೋಗುತ್ತದೆ. ಮಡಕಿ, ಹೆಸರುಗಳನ್ನು ಮೊಳಕೆಯೊಡೆಸಿದರೆ ಕಾಳೇ ತನ್ನ ಬುತ್ತಿಯನ್ನು ಉಂಡು ಮುಗಿಸುವದರಿಂದ ಲಾಭ ಇನ್ನೂ ಹೆಚ್ಚು. ಹೋಳಿಗೆಯ ದಿನ ಮಾತ್ರ ಪೇಚು: ಕಡಲೆಬೇಳೆಯನ್ನು ಬೇಯಿಸಿ ಬಸಿದ ಕಟ್ಟಿನಲ್ಲಿ ಆ ಸಕ್ಕರೆಯೂ ಇಳಿದಿರುವದು, ನಾವು ಅದನ್ನೇ ಸಾರು ಮಾಡಿ ಬಟ್ಟಲುಗಟ್ಟಲೆ ಕುಡಿಯುವದು. “ಕಟ್ಟಿನ ಸಾರು ಬಿಡಂದ್ರ ಹೋಳಿಗಿನೂ ಬಿಡ್ತೇನಿ, ತಗೋ ತಮ್ಮಾ” ಎಂದಳು ದೊಡ್ಡವ್ವ. ಬಿಡಬೇಕಾಗಿಲ್ಲ, ಮಗನಿಗೆ ಬಟ್ಟಲಿನ ಬದಲು ಸೌಟು ಸಾಕು. ಅಲ್ಪ ಪ್ರಮಾಣದಿಂದ ಮೊದಲಿಟ್ಟು ವಾರಗಳ ಮೇಲೆ ಮೆಲ್ಲಗೆ ಏರಿಸಿದರೆ ಕರುಳು ಕಾಳಿಗೆ ಬಹಳಷ್ಟು ಒಗ್ಗಿಕೊಳ್ಳುವದುಂಟು.

ಇನ್ನು ಸೋಡಾದ ಮಾತು. ಸೋಡಾ ಕುಡಿದೊಡನೆ ಬರುವ ತೇಗು ಬಹುಪಾಲು ಸೋಡಾದ್ದೇ ವಾಯು; ಒಳಗಿನ ರೋಗ ಹೊರಬಂದಿತೆಂಬ ಸಮಾಧಾನವು ಬರಿಯ ಭ್ರಮೆ. ಈ ಭ್ರಮೆಯು ಎದೆಯ ವಿಷಯದಲ್ಲಿ ಪ್ರಾಣಾಂತಿಕವಾಗಬಲ್ಲದು. ಏರಿ ಹತ್ತುವಾಗ ಅಥವಾ ಹೊಲದಲ್ಲಿ ಕೆಲಸ ಮಾಡುವಾಗ ಎದೆ ಹಿಂಡಿದಂತಾಗಿ ಕುಳಿತರೆ ಇಳಿಯುವ ‘ಗ್ಯಾಸ್’, ಭುಜಕ್ಕೋ ದವಡೆಗೋ ಹಬ್ಬುವ ‘ಗ್ಯಾಸ್’, ತಣ್ಣನೆಯ ಬೆವರು ಹಾಗೂ ಏದುಸಿರಿನೊಡನೆ ಬರುವ ‘ಗ್ಯಾಸ್’ ಹೃದಯದ್ದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಬರಿಯ ಅಜೀರ್ಣದ ವೇಷದಲ್ಲಿಯೂ ಬರುವದುಂಟು. ತೇಗಿನಿಂದ ಹಗುರವಾದರೂ ಅದನ್ನು ಅಲ್ಲಗಳೆದಂತಾಗದು. ಅಂಥ ಹೊತ್ತಿನಲ್ಲಿ 108ಕ್ಕೆ ಫೋನು ಮಾಡಿ ಇ.ಸಿ.ಜಿ. ಇರುವ ಆಸ್ಪತ್ರೆಯನ್ನು ತಲುಪಬೇಕು. ಮೊದಲ ಇ.ಸಿ.ಜಿ.ಯಲ್ಲಿ ದೋಷ ಕಾಣದಿದ್ದರೂ ವೈದ್ಯರು ಮತ್ತೊಮ್ಮೆ ತೆಗೆದು ರಕ್ತವನ್ನೂ ಪರೀಕ್ಷಿಸುವದು ಅದಕ್ಕಾಗಿಯೇ.

ಹೊಟ್ಟೆಯ ಕೆಲವು ಲಕ್ಷಣಗಳೂ ಹೀಗೆಯೇ ಮನೆಮದ್ದಿಗೆ ಎಟುಕದವು. ಹೊಟ್ಟೆ ಬಿಗಿದು ವಾಂತಿಯಾಗುತ್ತ, ಮಲವೂ ವಾಯುವೂ ಎರಡೂ ನಿಂತುಹೋದರೆ ಕರುಳು ಕಟ್ಟಿರಬಹುದು, ಬೆಳಗಾಗಲೆಂದು ಕಾಯಬಾರದು. ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಪ್ರಯತ್ನಿಸದೆಯೇ ಇಳಿಯುವ ತೂಕ, ತುತ್ತು ಗಂಟಲಲ್ಲಿ ಸಿಕ್ಕುವದು, ಕಾಮಾಲೆ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ತೊಡಗಿದ ಉಬ್ಬರ, ಇವುಗಳಲ್ಲಿ ಒಂದಿದ್ದರೂ ಕಾಳಿನ ಪರೀಕ್ಷೆಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು. ನಮ್ಮ ಓಣಿಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಣ್ಣು ತಪ್ಪುವದು ನಡುವಯಸ್ಸು ದಾಟಿದ ಹೆಂಗಸಿನ ಉಬ್ಬರ. ತುಸು ಉಂಡರೂ ಹೊಟ್ಟೆ ತುಂಬುತ್ತದೆಂದೂ, ಉಬ್ಬರವು ಹಗಲಿರುಳು ಇಳಿಯದೆ ವಾರಗಟ್ಟಲೆ ನಿಂತಿದೆಯೆಂದೂ, ಕೈಕಾಲು ಸೊರಗಿ ಸೀರೆಯ ನೆರಿಗೆ ಮಾತ್ರ ಬಿಗಿಯಾಗುತ್ತಿದೆಯೆಂದೂ ಅವಳು ಹೇಳಿದರೆ, ಅದು ಅಂಡಾಶಯದ ಗಂಟೂ ಆಗಿರಬಹುದು. ಊಟದ ವಾಯು ರಾತ್ರಿ ಕಳೆದರೆ ಇಳಿಯುತ್ತದೆ, ಈ ಉಬ್ಬರ ಇಳಿಯದು. ಅವಳಿಗೆ ಬೇಕಾದದ್ದು ಓಮಿನ ನೀರಲ್ಲ, ಹೊಟ್ಟೆಯ ಸ್ಕ್ಯಾನಿಂಗ್.