ತಾಳೆಯಾದರೆ ಸಾಕೇ?

ಕಳೆದ ರಂಜಾನ್ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. ತಪ್ಪು ನನ್ನದೇ.

ಶಿಡ್ಲಘಟ್ಟದ ನಮ್ಮ ಬೀದಿಗೆ ಪಕ್ಕದ ಹಳ್ಳಿಯಿಂದ ಒಬ್ಬ ಅಕ್ಕ ಹಾಲು ತರುತ್ತಾರೆ. ಒಂದು ದಿನ ಅಮ್ಮಿ, "ಹಾಲು ಯಾಕೋ ತೆಳ್ಳಗಿದೆ, ನೋಡು" ಎಂದರು. ನಾನು ಓದಿಕೊಂಡಿದ್ದ ಪರೀಕ್ಷೆಯನ್ನು ಮಾಡಿದೆ. ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು ಒಂದು ಹನಿ ಹಾಲು ಬಿಟ್ಟೆ. ಒಳ್ಳೆಯ ಹಾಲು ನಿಧಾನವಾಗಿ ಇಳಿದು ಹಿಂದೆ ಬಿಳಿ ಗೆರೆ ಬಿಡುತ್ತದೆ, ನೀರು ಬೆರೆಸಿದ್ದು ಗೆರೆ ಬಿಡದೆ ಓಡುತ್ತದೆ ಎನ್ನುತ್ತಾರೆ. ನಮ್ಮ ಹನಿ ಓಡಿಬಿಟ್ಟಿತು. ಮರುದಿನ ಅಮ್ಮಿ ಎಲ್ಲರ ಎದುರಿಗೇ, "ನೀರು ಹಾಕ್ತಿದ್ದೀರಿ, ನಾಳೆಯಿಂದ ಬೇಡ" ಎಂದರು.

ಅಕ್ಕನ ಮುಖ ಸಣ್ಣದಾಯಿತು. "ಎಮ್ಮೆ ಹಾಲು ಬತ್ತೋಯ್ತಮ್ಮ, ಇದು ಹಸುವಿಂದು. ನಂಬಿಕೆ ಇಲ್ದಿದ್ರೆ ಡೇರಿಗೆ ಬಂದು ನೋಡಿ" ಎಂದರು. ನಾನು ಅವರ ಜೊತೆ ಹೋದೆ. ಲ್ಯಾಕ್ಟೋಮೀಟರ್ 28 ತೋರಿಸಿತು, ಕೊಬ್ಬು 3.7. ಹಸುವಿನ ಹಾಲಿಗೆ ಇದು ಸರಿಯಾದ ಲೆಕ್ಕ. ಓರೆ ತಟ್ಟೆ ತೋರಿಸುವುದು ಹಾಲಿನ ದಪ್ಪವನ್ನು ಮಾತ್ರ. ಎಮ್ಮೆ ಹಾಲು ಕುಡಿದು ರೂಢಿಯಾದ ನಮಗೆ ಹಸುವಿನ ಹಾಲು ನೀರಿನಂತೆ ಕಂಡಿತ್ತು, ಅಷ್ಟೇ.

ಹಾಗಾದರೆ ಲ್ಯಾಕ್ಟೋಮೀಟರನ್ನು ಪೂರ್ತಿ ನಂಬಬಹುದೇ? ಅದೂ ಇಲ್ಲ. ನೀರು ಬೆರೆತರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಓದು ಕಡಿಮೆಯಾಗುತ್ತದೆ. ಅದೇ ಹಾಲಿಗೆ ಸಕ್ಕರೆ ಅಥವಾ ಉಪ್ಪು ಹಾಕಿದರೆ ಓದು ಮತ್ತೆ ಮೇಲೇರುತ್ತದೆ. ಇದನ್ನು ಕೇಳಿದಾಗ ನನಗೆ ನಮ್ಮ ಅಕೌಂಟೆನ್ಸಿ ಕ್ಲಾಸು ನೆನಪಾಯಿತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕ ಸರಿ ಇದೆ ಎಂದಲ್ಲ. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿದರೆ ಎರಡೂ ಅಡಗಿಕೊಳ್ಳುತ್ತವೆ. ಅದಕ್ಕೇ ಲ್ಯಾಕ್ಟೋಮೀಟರ್ ಜೊತೆಗೆ ಕೊಬ್ಬನ್ನೂ ನೋಡಬೇಕು, ಸಕ್ಕರೆ, ಉಪ್ಪಿಗೆ ಬೇರೆ ಪರೀಕ್ಷೆ ಬೇಕು.

ಅರಿಶಿನದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದು ಲೋಟ ನೀರಿಗೆ ಅರ್ಧ ಚಮಚ ಪುಡಿ ಹಾಕಿ, ಕಲಕದೆ ಬಿಡಿ. ಒಳ್ಳೆಯ ಅರಿಶಿನ ತಳಕ್ಕೆ ಇಳಿದು ಮೇಲಿನ ನೀರು ತಿಳಿ ಹಳದಿಯಾಗುತ್ತದೆ. ನೀರು ಗಾಢ ಹಳದಿಯಾದರೆ ಮೆಟಾನಿಲ್ ಯೆಲ್ಲೋದಂಥ ನೀರಿನಲ್ಲಿ ಕರಗುವ ಬಣ್ಣ ಬೆರೆತಿರಬಹುದು. ಆದರೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಅದು ಭಾರವಾದ್ದರಿಂದ ಅರಿಶಿನದ ಜೊತೆಗೇ ತಳ ಸೇರುತ್ತದೆ. ಮಕ್ಕಳ ಮೆದುಳಿಗೆ ಹಾನಿ ಮಾಡುವ ಸೀಸವೇ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಬಾಂಗ್ಲಾದೇಶದಲ್ಲಿ 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆ ತಂದರು. ಅಲ್ಲಿ ಕೊಂಬುಗಳಿಗೆ ಹೊಳಪು ಕೊಡುವಾಗಲೇ ಈ ಬಣ್ಣ ಉಜ್ಜುತ್ತಿದ್ದರು. ಆದ್ದರಿಂದ ಕೊಂಬು ತಂದು ನಾವೇ ಮಿಲ್ಲಿನಲ್ಲಿ ಪುಡಿ ಮಾಡಿಸಿದರೂ ಪೂರ್ತಿ ಭರವಸೆ ಇಲ್ಲ. ಅತಿಯಾಗಿ ಹೊಳೆಯುವ ಕೊಂಬನ್ನು ಬಿಡುವುದೇ ಒಳ್ಳೆಯದು.

ಇನ್ನೊಂದು ತಪ್ಪು ಗಾಬರಿಯೂ ಇದೆ. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ. ಅದು ಕಲಬೆರಕೆಯಲ್ಲ, ಸುಣ್ಣ, ಸೋಪಿನಂಥ ಕ್ಷಾರ ಸೇರಿದರೆ ಒಳ್ಳೆಯ ಅರಿಶಿನವೂ ಕೆಂಪಾಗುತ್ತದೆ.

ಖಾರದ ಪುಡಿಗೂ ನೀರಿನ ಲೋಟವೇ. ಇಟ್ಟಿಗೆ ಪುಡಿ, ಮರಳು ಬೇಗ ತಳಕ್ಕೆ ಹೋಗುತ್ತವೆ. ನೀರು ಚೆಲ್ಲಿ ತಳದ್ದನ್ನು ಬೆರಳಿನಿಂದ ಉಜ್ಜಿದರೆ ಗರಗರ ಎನ್ನುತ್ತದೆ. ನೀರಿನ ಮೇಲಿಂದ ಬಣ್ಣದ ಎಳೆಗಳು ಇಳಿದರೆ ನೀರಿನಲ್ಲಿ ಕರಗುವ ಬಣ್ಣವಿದೆ ಎಂದು ಅನುಮಾನಿಸಬಹುದು. ಆದರೆ ಸುಡಾನ್ ಬಣ್ಣ ಕರಗುವುದು ಎಣ್ಣೆಯಲ್ಲಿ. ಲೋಟದಲ್ಲಿ ಅದು ಕಾಣದು. ಎಣ್ಣೆಗೆ ಹಾಕಿ ನೋಡೋಣ ಎಂದರೆ ಮೆಣಸಿನಕಾಯಿಯ ಸಹಜ ಕೆಂಪೂ ಎಣ್ಣೆಯಲ್ಲೇ ಬಿಡುತ್ತದೆ. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಬಣ್ಣವಿದ್ದ ಖಾರದ ಪುಡಿ ಒಂದು ಸಾಸಿಗೆ ಸೇರಿ, ನೂರಾರು ಬಗೆಯ ತಿಂಡಿಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ಅದು ಪತ್ತೆಯಾಗಿದ್ದು ಪ್ರಯೋಗಾಲಯದಲ್ಲಿ.

ಹಾಗಾದರೆ ಮನೆಯ ಪರೀಕ್ಷೆ ಯಾಕೆ ಬೇಕು? ತಳದಲ್ಲಿ ಮರಳು ಸಿಕ್ಕರೆ ಆ ಪುಡಿ ಬೇಡ ಎನ್ನಲು ಅಷ್ಟು ಸಾಕು. ಏನೂ ಸಿಗದಿದ್ದರೆ ಮಾತ್ರ ಶುದ್ಧ ಎನ್ನಲಾಗದು. ಒಬ್ಬರನ್ನು ಕಳ್ಳರೆನ್ನಲು ಅಂತೂ ಅದು ಸಾಲದು. ನಿಜವಾದ ಅನುಮಾನವಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಇದೆ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆ ಮೀರಿದ್ದು ಸಾಬೀತಾದರೆ ಶುಲ್ಕ ವಾಪಸ್ ಬರುತ್ತದೆ.

ಡೇರಿಯಿಂದ ಬಂದು ಅಮ್ಮಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀದಿಯಲ್ಲಿ ಹೇಳಿದ್ದನ್ನು ಬೀದಿಯಲ್ಲೇ ಸರಿ ಮಾಡಬೇಕು" ಎಂದರು. ಮರುದಿನ ಎಲ್ಲರ ಎದುರಿಗೇ, "ಮಾಫ್ ಮಾಡಿ ಅಕ್ಕಾ, ತಪ್ಪು ನಮ್ಮದು" ಎಂದು ಪಾತ್ರೆ ಮುಂದೆ ಹಿಡಿದರು. ಪಕ್ಕದಲ್ಲೇ ನಿಂತಿದ್ದ ನಾನೂ ಮಾಫಿ ಕೇಳಿದೆ.