ಐವತ್ತು–ಐವತ್ತರ ಕಾಗದ

ಬಸವನಗುಡಿಯ ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ, ಅವುಗಳ ಸ್ಥಾನದಲ್ಲಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದುನಿಂತ ಪರಿವರ್ತನೆಯನ್ನು ನಾನು ಕಂಡದ್ದು ಬೀದಿಯಲ್ಲಿ ನಿಂತಲ್ಲ, ವಕೀಲರೊಬ್ಬರ ಕಛೇರಿಯಲ್ಲಿ ದಸ್ತಾವೇಜುಗಳ ಕರಡು ಬರೆಯುತ್ತ ಕುಳಿತು. ಮೊದಮೊದಲು ನಮ್ಮಲ್ಲಿಗೆ ಬರುತ್ತಿದ್ದವು ಕ್ರಯಪತ್ರ ಮತ್ತು ವಿಭಾಗಪತ್ರಗಳು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅವುಗಳ ನಡುವೆ ಇನ್ನೊಂದು ಬಗೆಯ ಕಾಗದ ಕಾಣಿಸಿಕೊಂಡಿತು. ನಿವೇಶನ ನನ್ನದು, ಕಟ್ಟುವ ಹಣ ನಿಮ್ಮದು, ಕಟ್ಟಿದುದರಲ್ಲಿ ಇಷ್ಟು ನನಗೆ, ಇಷ್ಟು ನಿಮಗೆ ಎಂದು ಜಮೀನಿನ ಒಡೆಯನು ಬಿಲ್ಡರಿಗೆ ಬರೆಯುವ ಪ್ರಸ್ತಾವವದು. ಬರುಬರುತ್ತ ಅದಕ್ಕೆ ಜಂಟಿ ಅಭಿವೃದ್ಧಿ ಎಂಬ ಗಂಭೀರ ನಾಮಧೇಯವೂ ಜೆ.ಡಿ. ಎಂಬ ಮನೆಮಾತಿನ ಹೆಸರೂ ನಿಂತವು.

ಇದು ಬಲುಬೇಗ ಹಬ್ಬಿದ್ದು ಕೇವಲ ಹಣದಾಸೆಯಿಂದ ಎಂದು ಹೇಳುವವರು ಆ ಮನೆಗಳ ಒಳಗನ್ನು ಕಂಡವರಲ್ಲ. ತಂದೆ ಕಟ್ಟಿಸಿದ ಮನೆ ಒಂದು, ಮಕ್ಕಳು ನಾಲ್ವರು. ಅಡಿಗೆಮನೆಯನ್ನೂ ಬಾವಿಯನ್ನೂ ನಾಲ್ಕು ಭಾಗ ಮಾಡುವುದೆಂತು? ವಿಭಾಗಪತ್ರದ ಕರಡು ವರ್ಷಗಟ್ಟಲೆ ಕಡತದಲ್ಲಿ ಕೊಳೆಯುತ್ತಿದ್ದ ಎಷ್ಟೋ ಕುಟುಂಬಗಳಿಗೆ, ತಲೆಗೊಂದು ಮನೆಯನ್ನೂ ಮನೆಗೊಂದು ಬೀಗವನ್ನೂ ಕೊಡುವ ಈ ಉಪಾಯ ವಿಭಾಗದ ಇನ್ನೊಂದು ರೂಪವಾಗಿಯೇ ಒದಗಿತು.

ಆ ಮೊದಲ ಕಾಲದ ಪ್ರಸ್ತಾವಗಳು ಒಂದು ಪುಟವನ್ನು ಮೀರುತ್ತಿರಲಿಲ್ಲ. ಶೇಕಡಾ 50 ಎಂದು ಬರೆದು, ಮುಂಗಡ ಠೇವಣಿ ಇಷ್ಟು, ಬಾಡಿಗೆ ಮನೆಯ ಖರ್ಚು ಇಷ್ಟು ಎಂದು ಸೇರಿಸಿದರೆ ಮುಗಿಯಿತು. ಯಾವುದರ ಶೇಕಡಾ 50 ಎಂಬುದನ್ನು ಕೇಳಿದರೆ ಬಿಲ್ಡರು ನಗುತ್ತಿದ್ದರು. ‘ಫಿಫ್ಟಿ–ಫಿಫ್ಟಿ ಅಂದ್ರೆ ಫಿಫ್ಟಿ–ಫಿಫ್ಟಿ ಸ್ವಾಮಿ, ಅದರಲ್ಲಿ ಬರೆಯೋದೇನಿದೆ?’ ಎಂದು ಅವರಲ್ಲೊಬ್ಬರು ನಮ್ಮ ವಕೀಲರಿಗೇ ಸವಾಲು ಹಾಕಿದ್ದುಂಟು. ಬರೆಯುವುದು ಎಷ್ಟಿತ್ತೆಂಬುದು ಕಟ್ಟಡ ಮುಗಿದ ಮೇಲೆ ತಿಳಿಯುತ್ತಿತ್ತು. ಒಡೆಯರ ಪಾಲಿಗೆ ರಸ್ತೆಯ ಕಡೆಯ ಮನೆಗಳಿಲ್ಲ. ಕಾರು ನಿಲ್ಲಿಸುವ ಜಾಗಗಳೆಲ್ಲ ಕೊಂಡವರಿಗೆ ಮಾರಿಹೋಗಿವೆ. ತಾರಸಿ ಯಾರದೆಂದು ಕಾಗದದಲ್ಲಿಲ್ಲ. ಇದಕ್ಕಿಂತಲೂ ಕಷ್ಟದ್ದು ಜಿ.ಪಿ.ಎ., ಎಂದರೆ ಅಧಿಕಾರಪತ್ರ. ಇಡೀ ಸ್ವತ್ತಿಗೆ ಅದನ್ನು ಬರೆದುಕೊಟ್ಟಿದ್ದರೆ ಬಿಲ್ಡರು ತಮ್ಮ ಪಾಲನ್ನು ಭೂಮಿಯ ಅವಿಭಜಿತ ಹಕ್ಕಿನೊಡನೆ ಮೊದಲೇ ಮಾರಿ ಹಣ ಪಡೆದುಕೊಂಡು, ಒಡೆಯರ ಮನೆಗಳನ್ನು ಗಿಲಾವು ಕಾಣದ ಗೋಡೆಗಳಾಗಿಯೇ ಬಿಟ್ಟುಬಿಡಬಹುದಾಗಿತ್ತು. ಹಾಗೆ ಬಿಟ್ಟವರನ್ನೂ ನಾನು ಕಂಡಿದ್ದೇನೆ.

ಕಾಲ ಹೇಗೆ ಬದಲಾಯಿತೆಂಬುದಕ್ಕೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಛೇರಿಯಲ್ಲಿ ಸಿದ್ಧವಾದ ಪ್ರಸ್ತಾವವೊಂದನ್ನು ತುಸು ವಿವರವಾಗಿ ಹೇಳಬೇಕು. ಅದರ ಒಡತಿ ನಿವೃತ್ತ ಗಣಿತದ ಅಧ್ಯಾಪಕಿ, ವೃದ್ಧೆ. ನಿವೇಶನ 60 ಅಡಿಗೆ 80 ಅಡಿ, ಎಂದರೆ 4,800 ಚದರಡಿ. ಆ ರಸ್ತೆಯ ಅಗಲಕ್ಕೆ ಅಲ್ಲಿ ನಿವೇಶನದ 1.75 ಪಾಲಿನಷ್ಟು ಕಟ್ಟಲು ಅವಕಾಶವಿದ್ದುದರಿಂದ ಲೆಕ್ಕಕ್ಕೆ ಬರುವ ಕಟ್ಟಡ 8,400 ಚದರಡಿ. ವಾಹನ ನಿಲುಗಡೆ, ಮೆಟ್ಟಿಲು, ಲಿಫ್ಟು ಮೊದಲಾದವು ಆ ಗಣನೆಯ ಹೊರಗಿರುವುದರಿಂದ, ಅವುಗಳಲ್ಲಿ ಮಾರಾಟಕ್ಕೆ ಸೇರಿಸಿಕೊಳ್ಳುವ ಭಾಗವೂ ಕೂಡಿ, ಬಿಲ್ಡರುಗಳು ಸೂಪರ್ ಬಿಲ್ಟಪ್ ಎಂದು ಕರೆಯುವ ಅಳತೆಯಲ್ಲಿ ಅದು 9,600 ಆಗುತ್ತಿತ್ತು. ಅಂತಸ್ತಿಗೆ ಎರಡರಂತೆ ನಾಲ್ಕು ಅಂತಸ್ತಿಗೆ 1,200ರ ಎಂಟು ಮನೆಗಳು. ಗೋಡೆಯೊಳಗೆ ಜಮಖಾನ ಹಾಸಬಹುದಾದ ನೆಲ, ಅದೇ ಕಾರ್ಪೆಟ್ ಏರಿಯಾ, ಒಂದೊಂದರಲ್ಲೂ ಸುಮಾರು 850 ಮಾತ್ರ.

ಅಮ್ಮನವರು ಕೇಳಿದ್ದು ಶೇಕಡಾ 55. ಬಿಲ್ಡರು ಒಪ್ಪಿದರು. ಆಗ ಆಕೆ ಪೆನ್ಸಿಲನ್ನು ತೆಗೆದು ಕಾಗದದ ಅಂಚಿನಲ್ಲಿ ಗುಣಿಸಿ ನೋಡಿ, ‘9,600ರಲ್ಲಿ ಶೇಕಡಾ 55 ಅಂದ್ರೆ 5,280. ನಾಲ್ಕು ಮನೆಗೆ 4,800 ಹೋಯ್ತು. ಉಳಿದ 480 ಚದರಡಿಗೆ ನೀವು ನನಗೆ ಏನು ಕೊಡ್ತೀರಪ್ಪ, ಒಂದು ಬಚ್ಚಲುಮನೆಯೇ?’ ಎಂದು ಕೇಳಿದರು. ಒಪ್ಪಂದದ ಮರ್ಮವೆಲ್ಲ ಆ ಶೇಷದಲ್ಲಿ ಅಡಗಿದ್ದಿತು. 480 ಚದರಡಿಯನ್ನು ಬಿಟ್ಟುಕೊಟ್ಟು ಹಣ ಪಡೆಯುವುದೋ, 720ಕ್ಕೆ ಹಣ ಕೊಟ್ಟು ಐದನೆಯ ಮನೆಯನ್ನು ತೆಗೆದುಕೊಳ್ಳುವುದೋ? ಅದಕ್ಕಿಂತ ಮುಖ್ಯವಾಗಿ, ಯಾವ ದಿನದ ದರದಲ್ಲಿ? 480ನ್ನು ಬಿಟ್ಟುಕೊಡುವಾಗ ಸಹಿಯ ದಿನದ ದರವಾದರೆ, ಕಟ್ಟುವ ಎರಡು ವರ್ಷಗಳ ಏರಿಕೆ ಪೂರ್ತಿಯಾಗಿ ಬಿಲ್ಡರ ಜೇಬಿಗೆ. ಕೊನೆಗೆ ಆ ಕಟ್ಟಡದಲ್ಲಿ ಬಿಲ್ಡರು ತಾವೇ ಮಾರಿದ ಮನೆಗಳ ಸರಾಸರಿ ದರವೆಂದು ಬರೆದುದಾಯಿತು, ಆಯ್ಕೆ ಒಡತಿಯದು. ಯಾವ ಅಂತಸ್ತಿನ ಯಾವ ದಿಕ್ಕಿನ ಮನೆ ಯಾರಿಗೆ, ಯಾವ ಕಾರಿನ ಜಾಗ ಯಾರಿಗೆ ಎಂಬುದನ್ನು ನಕ್ಷೆ ಮಂಜೂರಾದೊಡನೆ ಬಣ್ಣ ಬಳಿದು ಪ್ರತ್ಯೇಕ ಹಂಚಿಕೆ ಕರಾರಾಗಿ ಮಾಡಬೇಕೆಂದೂ, ಅದಾಗುವವರೆಗೆ ಹಳೆಯ ಮನೆಯ ಒಂದು ಹೆಂಚನ್ನೂ ಇಳಿಸಕೂಡದೆಂದೂ ಸೇರಿತು. ಅಧಿಕಾರಪತ್ರ ಬಿಲ್ಡರ ಪಾಲಿಗೆ ಮಾತ್ರ ಸೀಮಿತ. ಅವರ ಕಡೆಯ ಎರಡು ಮನೆಗಳ ಕ್ರಯಪತ್ರ ಒಡತಿಗೆ ಬೀಗದ ಕೈ ಬಂದ ತರುವಾಯ.

ಇಷ್ಟು ಬರೆಯುವುದು ಅತಿಯೆಂದು ಬಿಲ್ಡರಿಗೆ ತೋರಿದುದು ಸಹಜ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, 500 ಚದರ ಮೀಟರನ್ನು ಮೀರದ ಜಮೀನಿನಲ್ಲಾಗಲಿ, ಎಂಟನ್ನು ಮೀರದ ಮನೆಗಳಲ್ಲಾಗಲಿ ಯೋಜನೆಯ ನೋಂದಣಿ ಕಡ್ಡಾಯವಲ್ಲ. ಈ ನಿವೇಶನ 446 ಚದರ ಮೀಟರು. ಹಳೆಯ ಬಡಾವಣೆಗಳ ಇಂತಹ ನಿವೇಶನಗಳು ಬಹುಮಟ್ಟಿಗೆ ರೇರಾದ ಹೊರಗೇ ಉಳಿಯುವುದರಿಂದ, ಒಡೆಯರಿಗೆ ಮುಖ್ಯ ಆಸರೆ ಆ ಕರಾರೇ. ಕರಾರನ್ನು ನೋಂದಣಿ ಮಾಡಿಸುವುದಕ್ಕೂ ಬೇರೊಂದು ಕಾರಣ ಒದಗಿತು. ಹಿಂದೆ ಜಮೀನಿನ ಸ್ವಾಧೀನವನ್ನು ಬಿಲ್ಡರಿಗೆ ಕೊಟ್ಟ ವರ್ಷದಲ್ಲಿಯೇ, ಮನೆಯ ಪಾಯವೂ ತೋಡದಿರುವಾಗ, ಬಂಡವಾಳ ಲಾಭದ ತೆರಿಗೆಯನ್ನು ಕೇಳುತ್ತಿದ್ದುದುಂಟು. 2017ರ ತಿದ್ದುಪಡಿಯ ಮೇಲೆ, ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಆ ತೆರಿಗೆ ಪೂರ್ಣತಾ ಪ್ರಮಾಣಪತ್ರ ಬಂದ ವರ್ಷಕ್ಕೆ ಮುಂದೆ ಹೋಯಿತು. ಆದರೆ ಕರಾರು ನೋಂದಣಿಯಾಗಿರಬೇಕು. ಪ್ರಮಾಣಪತ್ರಕ್ಕೆ ಮೊದಲೇ ತನ್ನ ಪಾಲನ್ನು ಮಾರಿದವನಿಗೆ ಆ ಸೌಲಭ್ಯವಿಲ್ಲ.

ಅದೇ ನಿವೇಶನಕ್ಕೆ ಇನ್ನೊಬ್ಬ ಬಿಲ್ಡರು ಆರು ಮನೆಗಳನ್ನು ಕೊಡುವುದಾಗಿ ಹೇಳಿ ಕಳುಹಿಸಿದ್ದರು. ಒಡತಿಯ ಮಗನಿಗೆ ಆಸೆಯಾಯಿತು. ಅಮ್ಮನವರು ಮಾತ್ರ, ಆರು ನನಗಾದರೆ ಅವನಿಗೆ ಎಷ್ಟುಳಿದರೆ ಗಿಟ್ಟೀತು ಎಂದು ತಿರುಗುಲೆಕ್ಕ ಹಾಕಿದರು. ಕಡಮೆಯೆಂದರೂ ಐದು, ಒಟ್ಟು ಹನ್ನೊಂದು ಮನೆ, 13,200 ಚದರಡಿ. ಅದೇ ಸೂಪರ್ ಬಿಲ್ಟಪ್ ಅಳತೆಯಲ್ಲಿ ಮಂಜೂರಾತಿಗೆ ಒಳಪಟ್ಟು ಆಗುವುದೇ 9,600 ಇರುವಲ್ಲಿ ಇದು ನಕ್ಷೆಯನ್ನು ಮೀರದೆ ಆಗತಕ್ಕ ಮಾತಲ್ಲ. ಮೀರಿ ಕಟ್ಟಿದ ಕಟ್ಟಡಕ್ಕೆ ಸ್ವಾಧೀನಾನುಭವ ಪ್ರಮಾಣಪತ್ರ ದೊರೆಯದು. ದೊರೆಯದಿದ್ದರೆ ಅಕ್ರಮ ಬಿಲ್ಡರ ಪಾಲಿಗಷ್ಟೇ ಅಲ್ಲ, ಒಡೆಯರ ಮನೆಗಳಿಗೂ ತಗಲುತ್ತದೆ. ಔದಾರ್ಯದ ಪ್ರಸ್ತಾವಗಳಲ್ಲಿ ನಾನು ಓದಿದುವು ಬಹುಪಾಲು ಈ ಜಾತಿಯವೇ.

ಆದುದರಿಂದ ಈ ಬಗೆಯ ಪ್ರಸ್ತಾವವನ್ನು ಬರೆಯಹೊರಟವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಬಿಲ್ಡರೊಡನೆ ಶೇಕಡಾವಾರಿನ ಚೌಕಾಸಿಗೆ ಕೂರುವ ಮೊದಲು, ಅವರಿಗೆ ಸಂಬಂಧವಿಲ್ಲದ ಎಂಜಿನಿಯರೊಬ್ಬರಿಗೆ ಫೀಸು ಕೊಟ್ಟು, ನಿಮ್ಮ ನಿವೇಶನದಲ್ಲಿ ನ್ಯಾಯವಾಗಿ ಎಷ್ಟು ಚದರಡಿ ಕಟ್ಟಬಹುದೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.